ಮರಳಿ ಮರಳಿ ಲಾಗಿನ್ ಪುಟ: ಅಳಿಸಿಹೋದ ಒಂದು ಕುಕಿಯ ಜಾಡು

ಶಿರಸಿ ಸೀಮೆಯ ನಮ್ಮೂರ ಮನೆಯಲ್ಲಿ ಕೂತು ಗ್ರಂಥಾಲಯವೊಂದರ ಪೋರ್ಟಲ್‌ಗೆ ಲಾಗಿನ್ ಆಗಲು ಹೊರಟರೆ ಪ್ರತಿ ಸಲವೂ ಒಂದೇ ಕಥೆ. ಹೆಸರು, ಪಾಸ್‌ವರ್ಡ್ ಕೊಡುತ್ತೇನೆ, ಓಟಿಪಿ ಹಾಕುತ್ತೇನೆ, ಪರದೆ ಒಂದು ಕ್ಷಣ ಬೆಳ್ಳಗಾಗುತ್ತದೆ, ಮತ್ತೆ ಅದೇ ಲಾಗಿನ್ ಪುಟ ಎದುರಿಗೆ. ಪಾಸ್‌ವರ್ಡ್ ತಪ್ಪು ಎಂಬ ಕೆಂಪಕ್ಷರ ಕೂಡ ಇಲ್ಲ. ಅದೇ ಲ್ಯಾಪ್‌ಟಾಪನ್ನು ಧಾರವಾಡಕ್ಕೆ ಒಯ್ದರೆ ಮೊದಲ ಯತ್ನಕ್ಕೇ ಒಳಗೆ ಬಿಡುತ್ತದೆ. ಊರಿನ ಇಂಟರ್‌ನೆಟ್ಟೇ ಸರಿಯಿಲ್ಲ ಎಂದು ಬಹಳ ದಿನ ನಂಬಿಕೊಂಡಿದ್ದೆ. ಆ ನಂಬಿಕೆ ತಪ್ಪೆಂದು ತಿಳಿದದ್ದು ಹೇಗೆ, ನಿಜವಾದ ಕಾರಣಕ್ಕೆ ತಲುಪಿದ್ದು ಯಾವ ದಾರಿಯಲ್ಲಿ ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಇದೇ ಲಕ್ಷಣ ಕಂಡವರು ಇದೇ ಪರೀಕ್ಷೆಗಳನ್ನು ತಾವೂ ಮಾಡಿ ನೋಡಬಹುದು.

ಮೊದಲು ಲಾಗಿನ್ ನಡೆಯುವ ಬಗೆ. ವೆಬ್ ಸರ್ವರಿಗೆ ಸ್ವಂತ ನೆನಪಿಲ್ಲ. ಒಂದು ಪುಟ ಕೇಳಿದವರೇ ಮುಂದಿನ ಪುಟವನ್ನೂ ಕೇಳುತ್ತಿದ್ದಾರೆಂದು ಅದಕ್ಕೆ ತಾನಾಗಿ ತಿಳಿಯದು. ಈ ಕೊರತೆ ತುಂಬಲು ನೆಟ್‌ಸ್ಕೇಪ್‌ನಲ್ಲಿದ್ದ ಲೂ ಮಾಂಟುಲ್ಲಿ 1994ರಲ್ಲಿ ಕುಕಿಯನ್ನು ರೂಪಿಸಿದರು. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ ಇದ್ದ ಹಾಗೆ ಅದು. ಸರ್ವರ್ ಕೊಟ್ಟದ್ದನ್ನು ಬ್ರೌಸರ್ ಇಟ್ಟುಕೊಳ್ಳುತ್ತದೆ, ಮುಂದಿನ ಸಲ ಹೋದಾಗ ತೋರಿಸುತ್ತದೆ. ನಮ್ಮ ಪೋರ್ಟಲ್‌ನಂಥ ಕಡೆ ಟೋಕನ್ ಒಂದಲ್ಲ, ಎರಡು. ಪಾಸ್‌ವರ್ಡ್ ಕೇಳುವ ಸರ್ವರ್ ಬೇರೊಂದು ವಿಳಾಸದಲ್ಲಿರುತ್ತದೆ. ಅಲ್ಲಿಗೆ ಕಳಿಸುವ ಮುನ್ನ ಪೋರ್ಟಲ್ ಒಂದು ತಾತ್ಕಾಲಿಕ ಕುಕಿ ಕೊಡುತ್ತದೆ: ‘ಇವರು ಇಲ್ಲಿಂದ ಹೊರಟವರು’ ಎಂಬ ಗುರುತು. ಪಾಸ್‌ವರ್ಡ್, ಓಟಿಪಿ ಮುಗಿಸಿ ಮರಳಿದಾಗ ಆ ಗುರುತು ತಾಳೆಯಾದರೆ ಮಾತ್ರ ಎರಡನೆಯದು, ಅಂದರೆ ಒಳಗೆ ಓಡಾಡಲು ಬೇಕಾದ ಸೆಷನ್ ಕುಕಿ, ಕೈಗೆ ಸಿಗುತ್ತದೆ. ಇವೆರಡರಲ್ಲಿ ಯಾವುದು ಕಳೆದರೂ ಪೋರ್ಟಲ್ ನಮ್ಮನ್ನು ಹೊಸಬರೆಂದೇ ಬಗೆದು ಮತ್ತೆ ಲಾಗಿನ್‌ಗೆ ಅಟ್ಟುತ್ತದೆ. ಸುತ್ತು ಹುಟ್ಟುವುದು ಹೀಗೆ.

ಸುತ್ತಿನ ಬಗೆಯನ್ನು ನೋಡಿದರೆ ಅರ್ಧ ಸುಳಿವು ಅಲ್ಲೇ ಸಿಗುತ್ತದೆ. ಲಾಗಿನ್ ಸರ್ವರ್ ನಮ್ಮನ್ನು ನೆನಪಿಟ್ಟುಕೊಂಡಿದ್ದು ಪೋರ್ಟಲ್ ಮಾತ್ರ ಮರೆಯುತ್ತಿದ್ದರೆ ಎರಡೂ ಕಡೆಯವರು ನಮ್ಮನ್ನು ಚೆಂಡಿನಂತೆ ಎಸೆದಾಡುತ್ತಾರೆ. ಸುಮಾರು 20 ಎಸೆತಗಳಾದ ಮೇಲೆ ಕ್ರೋಮ್ ಕೈಚೆಲ್ಲಿ `ERR_TOO_MANY_REDIRECTS` ಎಂದು ತೋರಿಸುತ್ತದೆ. ಲಾಗಿನ್ ಸರ್ವರ್ ಪ್ರತಿ ಸಲವೂ ಪಾಸ್‌ವರ್ಡ್ ಕೇಳುವಂಥದಾದರೆ ಆಟ ಅಲ್ಲಿಗೇ ನಿಲ್ಲುತ್ತದೆ, ದೋಷಸೂಚನೆ ಏನೂ ಬರುವುದಿಲ್ಲ. ನನ್ನದು ಈ ಎರಡನೆಯ ಬಗೆ.

ಗ್ರಂಥಾಲಯದ ಸಹಾಯವಾಣಿಯವರು ತಾಳ್ಮೆಯಿಂದಲೇ ಹೇಳಿದರು: ‘ಸರ್, ಒಮ್ಮೆ ಇನ್‌ಕಾಗ್ನಿಟೊದಲ್ಲಿ ಓಪನ್ ಮಾಡಿ ನೋಡಿ.’ ನೋಡಿದೆ, ಲಾಗಿನ್ ಆಯಿತು. ‘ಹಾಗಾದ್ರೆ ಹಳೇ ಕುಕೀಸ್ ಪ್ರಾಬ್ಲಂ ಸರ್, ಎಲ್ಲಾ ಕ್ಲಿಯರ್ ಮಾಡಿ.’ ಮಾಡಿದೆ. ಹತ್ತಾರು ತಾಣಗಳ ಲಾಗಿನ್ ಹೋಯಿತು, ಈ ಸುತ್ತು ಮಾತ್ರ ಹಾಗೆಯೇ ಉಳಿಯಿತು. ತಪ್ಪು ಅವರ ಸಲಹೆಯದಲ್ಲ, ಅದರಿಂದ ನಾವು ತೆಗೆದ ತೀರ್ಮಾನದ್ದು. ಇನ್‌ಕಾಗ್ನಿಟೊ ಕಿಟಕಿ ತೆರೆದಾಗ ಒಂದಲ್ಲ, ಮೂರು ಸಂಗತಿಗಳು ಒಟ್ಟಿಗೆ ಬದಲಾಗುತ್ತವೆ. ಹಳೆಯ ಕುಕಿಗಳು ಇರುವುದಿಲ್ಲ. ನಾವಾಗಿ ಅನುಮತಿ ಕೊಡದ ಹೊರತು ಎಕ್ಸ್‌ಟೆನ್ಷನ್‌ಗಳು ಕೆಲಸ ಮಾಡುವುದಿಲ್ಲ. ಜೊತೆಗೆ ಕ್ರೋಮ್ ಅಲ್ಲಿ ಮೂರನೆಯವರ ಕುಕಿಗಳನ್ನು ತಾನಾಗಿಯೇ ತಡೆಯುತ್ತದೆ. ಅಲ್ಲಿ ಲಾಗಿನ್ ಆದರೆ ಹಳೆಯ ಕುಕಿ ಇಲ್ಲದ್ದರಿಂದ ಆಯಿತೋ, ಎಕ್ಸ್‌ಟೆನ್ಷನ್ ಇಲ್ಲದ್ದರಿಂದ ಆಯಿತೋ ಹೇಳಲಾಗದು. ಆಗದಿದ್ದರೆ ಆ ಮೂರನೆಯ ತಡೆಯೇ ಹೊಸ ಕಾರಣವಾಗಿರಬಹುದು. ಎರಡನ್ನು ಬೇರ್ಪಡಿಸಬೇಕಾದರೆ ಮಾಮೂಲಿ ಕಿಟಕಿಯಲ್ಲೇ, ಕುಕಿಗಳನ್ನು ಮುಟ್ಟದೆ, `chrome://extensions` ಪುಟದಲ್ಲಿ ಎಕ್ಸ್‌ಟೆನ್ಷನ್‌ಗಳನ್ನಷ್ಟೇ ಆರಿಸಿ ನೋಡಬೇಕು. ಇದು ನನಗೆ ಹೊಳೆದದ್ದು ತಡವಾಗಿ. ಹೊಳೆಯುವಂತೆ ಮಾಡಿದ್ದು ಒಂದು ಆಕಸ್ಮಿಕ.

`F12` ಒತ್ತಿ `Network` ಫಲಕ ತೆರೆದು `Preserve log` ಗುರುತು ಹಾಕಿಕೊಂಡೆ. ಆ ಗುರುತು ಹಾಕದಿದ್ದರೆ ಪುಟ ಬದಲಾದಾಗಲೆಲ್ಲ ದಾಖಲೆ ಅಳಿಸಿಹೋಗುತ್ತದೆ, ನಮಗೆ ಬೇಕಾದ ಸಾಲೇ ಕಾಣುವುದಿಲ್ಲ. ಕಂಡ ಕ್ರಮವನ್ನು ವಿಳಾಸ ಬದಲಿಸಿ, ಸಂಕ್ಷೇಪಿಸಿ ಕೊಡುತ್ತೇನೆ:

```
GET  portal.example/        302
     Set-Cookie: state=a91f; Secure; SameSite=None
GET  login.example/         200
     ... 48 s ...
POST portal.example/return  302
     Cookie: (none)
     Location: https://login.example/
```

ಮೊದಲ ಸಾಲಿನಲ್ಲಿ ಕುಕಿ ಬಂದಿದೆ. ಮರಳುವ ಹೊತ್ತಿಗೆ ಅದು ಇಲ್ಲ. ಹಾಗಾದರೆ ಬ್ರೌಸರ್ ಅದನ್ನು ಇಟ್ಟುಕೊಳ್ಳಲೇ ಇಲ್ಲವೇ, ಇಟ್ಟುಕೊಂಡೂ ಕಳಿಸಲಿಲ್ಲವೇ, ಅಥವಾ ನಡುವೆ ಯಾರಾದರೂ ತೆಗೆದರೇ? ಇಟ್ಟುಕೊಳ್ಳದಿದ್ದರೆ ಮೊದಲ ಉತ್ತರದ `Set-Cookie` ಸಾಲಿನ ಪಕ್ಕ ಹಳದಿ ತ್ರಿಕೋನ ಕಾಣುತ್ತದೆ, ಅದು ಇರಲಿಲ್ಲ. ಇಟ್ಟುಕೊಂಡು ಕಳಿಸದಿದ್ದರೆ, ಮರಳುವ ಸಾಲಿನ `Cookies` ಭಾಗದಲ್ಲಿ `show filtered out request cookies` ಎಂಬಲ್ಲಿ ಗುರುತು ಹಾಕಿದಾಗ ತಡೆಹಿಡಿದ ಕುಕಿ ಕಾರಣದ ಸಮೇತ ಎದ್ದು ಕಾಣುತ್ತದೆ. ಅಲ್ಲೂ ಏನೂ ಇರಲಿಲ್ಲ. ಉಳಿದದ್ದು ಮೂರನೆಯದು. ಕುಕಿಯನ್ನು ಯಾರೂ ತಡೆದಿಲ್ಲ, ಯಾರೋ ಅಳಿಸಿದ್ದಾರೆ.

ಅಳಿಸುವುದನ್ನು ಕಣ್ಣಾರೆ ನೋಡೋಣವೆಂದು ಇನ್ನೊಂದು ಟ್ಯಾಬಿನಲ್ಲಿ ಪೋರ್ಟಲ್‌ನ ಸಹಾಯಪುಟ ತೆರೆದೆ. ಲಾಗಿನ್ ಸರ್ವರಿನ ಪುಟದಲ್ಲಿ ನಿಂತು ನೋಡಿದರೆ `Application` ಫಲಕ ಆ ಪುಟದ ಕುಕಿಗಳನ್ನಷ್ಟೇ ತೋರಿಸುತ್ತದೆ. ಪೋರ್ಟಲ್‌ನದು ಕಾಣಬೇಕಾದರೆ ಪೋರ್ಟಲ್‌ನ ಯಾವುದಾದರೂ ಪುಟ ತೆರೆದಿರಬೇಕು. ಎರಡನೆಯ ಟ್ಯಾಬಿನಲ್ಲಿ ಕುಕಿಯನ್ನೇ ನೋಡುತ್ತ, ಮೊದಲನೆಯದರಲ್ಲಿ ಓಟಿಪಿ ಹಾಕಿದೆ. ಲಾಗಿನ್ ಆಯಿತು. ಟ್ಯಾಬ್ ಮುಚ್ಚಿ ಮತ್ತೆ ಮಾಡಿದೆ: ಸುತ್ತು. ತೆರೆದಿಟ್ಟು ಮಾಡಿದೆ: ಸಲೀಸು. ಕಾವಲಿಗೆ ಕೂತಾಗ ಕಳ್ಳ ಬರುತ್ತಿರಲಿಲ್ಲ! ಹಾಗಾದರೆ ಅಳಿಸುವವನು ಯಾವ ಟ್ಯಾಬ್ ತೆರೆದಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವನು. ಸರ್ವರಿಗೆ ಇದು ಗೊತ್ತಾಗುವ ಸಂಗತಿಯೇ ಅಲ್ಲ. ಗೊತ್ತಾಗುವುದು ಬ್ರೌಸರಿನೊಳಗೇ ಇರುವ ಎಕ್ಸ್‌ಟೆನ್ಷನ್‌ಗೆ.

ನನ್ನಲ್ಲಿ ಅಂಥದೊಂದಿತ್ತು. ಗೋಪ್ಯತೆಗೆಂದು ನಾನೇ ಹಾಕಿಕೊಂಡದ್ದು. ತಾಣವೊಂದನ್ನು ಬಿಟ್ಟು ಟ್ಯಾಬ್ ಬೇರೆ ವಿಳಾಸಕ್ಕೆ ಹೋದರೆ, 30 ಸೆಕೆಂಡು ಕಾದು, ಬಿಟ್ಟ ತಾಣದ ಕುಕಿಗಳನ್ನು ಅದು ಅಳಿಸುತ್ತದೆ. ಆ ತಾಣ ಇನ್ನೊಂದು ಟ್ಯಾಬಿನಲ್ಲಿ ತೆರೆದಿದ್ದರೆ ಮುಟ್ಟುವುದಿಲ್ಲ. ಪೋರ್ಟಲ್‌ನಿಂದ ಲಾಗಿನ್ ಸರ್ವರಿಗೆ ಹೋದದ್ದು ಅದರ ದೃಷ್ಟಿಯಲ್ಲಿ ‘ಬಿಟ್ಟುಹೋದದ್ದು’. ಧಾರವಾಡದಲ್ಲಿ ಓಟಿಪಿ ಕೂಡಲೇ ಬರುತ್ತದೆ, 20 ಸೆಕೆಂಡಿನಲ್ಲಿ ಮರಳಿಬಿಡುತ್ತೇನೆ. ಊರಿನಲ್ಲಿ ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಇಲ್ಲ. ಅಂಗಳ ದಾಟಿ ಅಡಿಕೆ ತೋಟದ ಏರಿಗೆ ಹೋಗಿ, ಸಂದೇಶ ಬಂದ ಮೇಲೆ ಅಂಕಿಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತ ಓಡಿಬಂದು ಹಾಕಬೇಕು. ಅಷ್ಟರಲ್ಲಿ ಮುಕ್ಕಾಲು ನಿಮಿಷ ಆಗಿರುತ್ತದೆ. ಊರಿಗೂ ಪೇಟೆಗೂ ಇದ್ದ ವ್ಯತ್ಯಾಸ ಇಷ್ಟೇ.

ಇಲ್ಲಿ ಆತುರದ ತೀರ್ಮಾನ ಸಲ್ಲದು. ನಿಧಾನವಾದರೆ ಸುತ್ತು ಹುಟ್ಟಿಸುವ ಇನ್ನೊಂದು ಕಾರಣವೂ ಇದೆ, ಅದು ನೇರವಾಗಿ ಬ್ರೌಸರಿನದೇ. 2020ರಲ್ಲಿ ಕ್ರೋಮ್ ತಂದ ನಿಯಮದಂತೆ, ಕುಕಿಯಲ್ಲಿ `SameSite` ಎಂಬ ಗುಣವನ್ನು ಸರ್ವರ್ ಬರೆಯದಿದ್ದರೆ ಅದನ್ನು `Lax` ಎಂದು ತಿಳಿಯಲಾಗುತ್ತದೆ. ಬೇರೆ ತಾಣದಿಂದ `POST` ವಿಧಾನದಲ್ಲಿ ಬರುವ ಕೋರಿಕೆಯ ಜೊತೆ ಅಂಥ ಕುಕಿ ಹೋಗುವುದಿಲ್ಲ. ಲಾಗಿನ್ ವ್ಯವಸ್ಥೆಗಳು ಹಲವು ಹೀಗೆಯೇ ಮರಳಿಸುವುದರಿಂದ ಕ್ರೋಮ್ ಒಂದು ವಿನಾಯಿತಿ ಇಟ್ಟಿತು: ಕುಕಿ ಹುಟ್ಟಿ 2 ನಿಮಿಷ ಆಗಿರದಿದ್ದರೆ ಹೋಗಲಿ. ಹಾಗಾಗಿ ಇಲ್ಲೂ ಬೇಗ ಮುಗಿಸಿದವರು ಒಳಗೆ, ತಡಮಾಡಿದವರು ಹೊರಗೆ. ಹೊರಗಿನಿಂದ ನೋಡಿದರೆ ಎರಡು ರೋಗಗಳೂ ಒಂದೇ. ಅಳೆದು ನೋಡಿದರೆ ಮಾತ್ರ ಬೇರೆ, ಏಕೆಂದರೆ ಒಂದರ ಗಡಿ ಎಕ್ಸ್‌ಟೆನ್ಷನ್‌ಗೆ ನಾವು ಕೊಟ್ಟ ಸಮಯ, ಇನ್ನೊಂದರ ಗಡಿ 120 ಸೆಕೆಂಡು.

ಗಡಿಯಾರ ಎದುರಿಗಿಟ್ಟುಕೊಂಡು ಬೇಕೆಂದೇ ತಡಮಾಡುತ್ತ ಹೋದೆ. 15, 20, 25 ಸೆಕೆಂಡಿಗೆ ಮರಳಿದಾಗ ಒಳಗೆ ಬಿಟ್ಟಿತು. 35, 45, 60ಕ್ಕೆ ಸುತ್ತು. ಎಕ್ಸ್‌ಟೆನ್ಷನ್ ಆರಿಸಿ 60ಕ್ಕೆ ಮಾಡಿದೆ, ಬಿಟ್ಟಿತು; 3 ನಿಮಿಷಕ್ಕೂ ಬಿಟ್ಟಿತು. ಎರಡು ನಿಮಿಷದ ನಿಯಮ ಇಲ್ಲಿ ಅನ್ವಯಿಸದೆಂಬುದು ಆ `SameSite=None` ಎಂಬ ಬರಹದಿಂದಲೇ ಗೊತ್ತಾಗಬೇಕಿತ್ತು. ಆದರೂ ಅಳತೆಯಿಂದ ಖಚಿತವಾದದ್ದು ಒಳ್ಳೆಯದಾಯಿತು. ಕೊನೆಯ ಪರೀಕ್ಷೆಯಾಗಿ ಎಕ್ಸ್‌ಟೆನ್ಷನ್‌ನ ಸಮಯವನ್ನು 30ರಿಂದ 90 ಸೆಕೆಂಡಿಗೆ ಏರಿಸಿದೆ. ಗಡಿಯೂ ಅದರ ಹಿಂದೆಯೇ ಸರಿಯಿತು: 80ಕ್ಕೆ ಒಳಗೆ, 100ಕ್ಕೆ ಸುತ್ತು. ನನಗೆ ಪೂರ್ಣ ನಂಬಿಕೆ ಬಂದದ್ದು ಈ ಪರೀಕ್ಷೆಯಿಂದ.

ತಾಣದ ಸಂಗ್ರಹವನ್ನೇ ತಡೆದಿಟ್ಟಾಗ ಆಗುವ ಸುತ್ತು ಇದಕ್ಕಿಂತ ಬೇರೆ, ಗುರುತಿಸುವುದೂ ಸುಲಭ. ಅದು ಊರು, ಪೇಟೆ, ಹೊತ್ತು ಎಂದು ನೋಡುವುದಿಲ್ಲ, ಪ್ರತಿ ಸಲವೂ ಆಗುತ್ತದೆ. ಇತ್ತೀಚಿನ ಪೋರ್ಟಲ್‌ಗಳು ಕೆಲವು ತಮ್ಮ ಗುರುತನ್ನು ಕುಕಿಯಲ್ಲಿಡದೆ ಬ್ರೌಸರಿನ `localStorage` ಎಂಬ ಖಾನೆಯಲ್ಲಿಡುತ್ತವೆ. ಕ್ರೋಮ್‌ನಲ್ಲಿ ಒಂದು ತಾಣಕ್ಕೆ ದತ್ತಾಂಶ ಉಳಿಸುವ ಅನುಮತಿ ತೆಗೆದರೆ ಕುಕಿಯೂ ಈ ಖಾನೆಯೂ ಒಟ್ಟಿಗೆ ಮುಚ್ಚಿಹೋಗುತ್ತವೆ. ಆ ತಾಣದ ಪುಟದಲ್ಲಿರುವಾಗಲೇ `Console` ಫಲಕದಲ್ಲಿ ಇಷ್ಟು ಬರೆದು ನೋಡಿದರೆ ಸಾಕು:

```
localStorage.setItem('t', '1')
```

ತಡೆಯಿದ್ದರೆ `SecurityError` ಎಂಬ ಕೆಂಪು ಸಾಲು ಬರುತ್ತದೆ. ಇಲ್ಲದಿದ್ದರೆ `undefined` ಎಂದಷ್ಟೇ ಬಂದು ಸುಮ್ಮನಾಗುತ್ತದೆ. ಪರೀಕ್ಷೆಗೆ ಇಟ್ಟದ್ದನ್ನು `localStorage.removeItem('t')` ಎಂದು ತೆಗೆದುಬಿಡಬೇಕು. ಮೂರನೆಯವರ ಕುಕಿ ತಡೆಯುವ ಆಯ್ಕೆ ನನ್ನಂಥ ಪ್ರಸಂಗದಲ್ಲಿ ತಪ್ಪಿತಸ್ಥನಾಗುವುದು ಅಪರೂಪ, ಏಕೆಂದರೆ ಇಲ್ಲಿ ಇಡೀ ಪುಟವೇ ಒಂದು ತಾಣದಿಂದ ಇನ್ನೊಂದಕ್ಕೆ ಹೋಗುತ್ತದೆ. ಒಂದು ತಾಣದ ಪುಟದೊಳಗೆ ಚೌಕಟ್ಟು ಹಾಕಿ ಇನ್ನೊಂದರ ಲಾಗಿನ್ ತೋರಿಸುವ ಕಡೆ ಮಾತ್ರ ಅದನ್ನು ಮೊದಲು ಸಂಶಯಿಸಬೇಕು.

ಎಲ್ಲ ಕುಕಿ ಅಳಿಸುವ ಸಲಹೆ ಫಲ ಕೊಡುವ ಸಂದರ್ಭವೂ ಒಂದುಂಟು. ಒಂದೇ ಹೆಸರಿನ ಎರಡು ಕುಕಿಗಳು, ಒಂದು ಹಳೆಯದು ಒಂದು ಹೊಸದು, ಬೇರೆ ಬೇರೆ `Path` ಅಥವಾ `Domain` ಹೊತ್ತು ಕೂತಿದ್ದರೆ ಬ್ರೌಸರ್ ಎರಡನ್ನೂ ಕಳಿಸುತ್ತದೆ. ಸರ್ವರ್ ಹಳೆಯದನ್ನೇ ಓದಿ ನಮ್ಮನ್ನು ಹೊರಗಟ್ಟಬಹುದು. ಆಗಲೂ ಎಲ್ಲವನ್ನೂ ಅಳಿಸಬೇಕಾಗಿಲ್ಲ. `Application` ಫಲಕದಲ್ಲಿ ಆ ಒಂದು ತಾಣದ ಹೆಸರಿನ ಕೆಳಗಿರುವುದನ್ನು ತೆಗೆದರೆ ಆಯಿತು.

ಎಕ್ಸ್‌ಟೆನ್ಷನ್ ಅನ್ನು ನಾನು ಕಿತ್ತುಹಾಕಲಿಲ್ಲ. ಅದು ಮಾಡಿದ್ದು ನಾನು ಹೇಳಿದ ಕೆಲಸವನ್ನೇ. ಪೋರ್ಟಲ್‌ನ ವಿಳಾಸವನ್ನು ಅದರ ವಿನಾಯಿತಿ ಪಟ್ಟಿಗೆ ಸೇರಿಸಿ, ಸಮಯವನ್ನು ಮತ್ತೆ 30ಕ್ಕೆ ಇಳಿಸಿದೆ. ಪೋರ್ಟಲ್ ನಡೆಸುವವರಿಗೂ ಒಂದು ಪತ್ರ ಬರೆದೆ: ಗುರುತಿನ ಕುಕಿ ಸಿಗದಿದ್ದಾಗ ಮಾತಿಲ್ಲದೆ ಲಾಗಿನ್‌ಗೆ ಅಟ್ಟುವ ಬದಲು, ‘ನಿಮ್ಮ ಬ್ರೌಸರಿನಿಂದ ಕುಕಿ ಬರಲಿಲ್ಲ’ ಎಂದು ಒಂದು ಸಾಲು ತೋರಿಸಿ ನಿಲ್ಲಿಸಿ. ಅದೊಂದು ಸಾಲಿದ್ದಿದ್ದರೆ ಊರಿನ ಇಂಟರ್‌ನೆಟ್ಟನ್ನು ಅಷ್ಟು ದಿನ ದೂರುತ್ತಿರಲಿಲ್ಲ. ಸಹಾಯವಾಣಿಯವರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಾಗ ಅವರು ಬರೆದುಕೊಂಡರು. ಮುಂದಿನ ವಾರ ಇನ್ನೊಬ್ಬ ಸಂಶೋಧಕಿ ಇದೇ ದೂರು ತಂದರಂತೆ. ಇವರು ಇನ್‌ಕಾಗ್ನಿಟೊ ಮಾತೆತ್ತುವ ಮೊದಲು, ‘ಓಟಿಪಿ ಹಾಕೋಕೆ ಎಷ್ಟು ಹೊತ್ತಾಯ್ತು ಮೇಡಂ?’ ಎಂದು ಕೇಳಿದರಂತೆ.