ಎದೆ ಬಿಗಿದು ಕೈ ಜುಮ್ಮೆಂದ ರಾತ್ರಿ: ಅದು ಪ್ಯಾನಿಕ್ ಅಟ್ಯಾಕಾ, ಹಾರ್ಟ್ ಅಟ್ಯಾಕಾ?

2025ರ ಜುಲೈ ಮೊದಲ ವಾರ. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು ಅನ್ನೋ ಸುದ್ದಿ ಎಲ್ಲರ ಫೋನಲ್ಲೂ ಓಡಾಡ್ತಿತ್ತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಬೆಳಗಿನ ಜಾವದಿಂದಲೇ ಸಾಲು ನಿಂತಿದ್ದರು. ನಾನು ಅರಸೀಕೆರೆ ಕಡೆಯವಳು. ನನ್ನ ಊರಿನ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಂದು ಫೋಟೋ, ಕೆಳಗೆ ‘ಓಂ ಶಾಂತಿ’. ಸತ್ತವರಲ್ಲಿ ಇಪ್ಪತ್ತರ ಆಸುಪಾಸಿನವರೂ ಇದ್ದರು. ನನಗಾಗ 27.

ಅವತ್ತು ಮಧ್ಯಾಹ್ನ ಊಟ ಬಿಟ್ಟಿದ್ದೆ, ಸಂಜೆಯೊಳಗೆ ನಾಲ್ಕು ಕಾಫಿ ಆಗಿತ್ತು. ರಾತ್ರಿ 11.40ಕ್ಕೆ ಪಿಜಿ ರೂಮಿನಲ್ಲಿ ಮಲಗಿ ಫೋನ್ ನೋಡ್ತಿದ್ದಾಗ ಎದೆಯ ಮೇಲೆ ಯಾರೋ ಕೂತ ಹಾಗಾಯ್ತು. ಎದೆ ಡವಡವ ಅನ್ನೋಕೆ ಶುರುವಾಯ್ತು. ಎಷ್ಟು ಉಸಿರು ಎಳೆದರೂ ಸಾಲಲಿಲ್ಲ. ಎರಡು ನಿಮಿಷದಲ್ಲಿ ಎರಡೂ ಕೈ ಜುಮ್ಮೆಂದವು, ತುಟಿಯ ಸುತ್ತ ಇರುವೆ ಹರಿದ ಹಾಗಾಯ್ತು. ಆಮೇಲೆ ಬೆರಳುಗಳು ತಾವಾಗಿಯೇ ಒಂದಕ್ಕೊಂದು ಅಂಟಿ ಒಳಕ್ಕೆ ಮಡಚಿಕೊಂಡವು. ಬಿಡಿಸೋಕೆ ಹೋದರೆ ಆಗಲಿಲ್ಲ. ಸಾಯ್ತಿದ್ದೀನಿ ಅನ್ನೋದರಲ್ಲಿ ನನಗೆ ಒಂದಿಷ್ಟೂ ಅನುಮಾನ ಇರಲಿಲ್ಲ.

ರೂಮ್‌ಮೇಟ್ ಮೊದಲು ಹೇಳಿದ್ದು, “ಗ್ಯಾಸ್ಟ್ರಿಕ್ ಇರ್ಬೇಕು ಕಣೆ, ಸೋಡಾ ತರ್ತೀನಿ ತಡಿ.” ನಮ್ಮಲ್ಲಿ ಎದೆನೋವಿಗೆ ಸಿಗುವ ಮೊದಲ ರೋಗನಿರ್ಣಯವೇ ಅದು. ನಿಜವಾದ ಹೃದಯಾಘಾತದಲ್ಲೂ ಬೆಲೆಬಾಳುವ ಮೊದಲ ಗಂಟೆ ಎಷ್ಟೋ ಸಲ ಹೀಗೆ ಸೋಡಾದಲ್ಲಿ ಕಳೆದುಹೋಗುತ್ತೆ. ನನ್ನ ಬೆರಳು ನೋಡಿದ ಮೇಲೆ ಅವಳೇ ಆಟೋ ಹಿಡಿದಳು. ಆಸ್ಪತ್ರೆ ತಲುಪಿದಾಗ 12.15. ಅಷ್ಟರಲ್ಲಿ ಬಿಗಿತ ಅರ್ಧಕ್ಕೆ ಇಳಿದಿತ್ತು. ಇಸಿಜಿ ನಾರ್ಮಲ್. ಡ್ಯೂಟಿ ಡಾಕ್ಟರ್ ಒಂದು ಇಂಜೆಕ್ಷನ್ ಬರೆದು, “ಏನಿಲ್ಲಮ್ಮ, ಟೆನ್ಶನ್. ಮನೆಗೆ ಹೋಗಿ ಮಲ್ಕೊಳ್ಳಿ” ಅಂದರು. ಅವರು ಹೇಳಿದ್ದು ತಪ್ಪಲ್ಲ. ಆದರೆ ‘ಏನಿಲ್ಲ’ ಅಂದರೆ ನನ್ನ ಬೆರಳು ಯಾಕೆ ಮಡಚಿಕೊಂಡವು? ಅದಕ್ಕೆ ಉತ್ತರ ಸಿಗಲಿಲ್ಲ. ಉತ್ತರ ಸಿಗದೇ ಹೋಗಿದ್ದಕ್ಕೇ ಹತ್ತು ದಿನದ ನಂತರ ವಿಜಯನಗರದಿಂದ ಮೆಜೆಸ್ಟಿಕ್‌ಗೆ ಹೋಗುವ ಬಸ್ಸಿನಲ್ಲಿ ಎರಡನೇ ಸಲ ಆಯ್ತು ಅಂತ ಈಗ ಅನ್ನಿಸುತ್ತೆ.

ಆಮೇಲೆ ತೋರಿಸಿದ ಫಿಸಿಶಿಯನ್ ಒಂದು ವಿಚಿತ್ರ ಕೆಲಸ ಮಾಡಿದರು. ಇಸಿಜಿ ಮತ್ತೊಮ್ಮೆ ನೋಡಿ, ಆಸ್ತಮಾ, ಫಿಟ್ಸ್ ಏನೂ ಇಲ್ಲ ಅಂತ ಕೇಳಿ ತಿಳಿದುಕೊಂಡು, ಅವರ ಎದುರಿಗೇ ಒಂದು ನಿಮಿಷ ಜೋರುಜೋರಾಗಿ, ಆಳವಾಗಿ ಉಸಿರಾಡೋಕೆ ಹೇಳಿದರು. ನಿಮಿಷ ಮುಗಿಯೋ ಮೊದಲೇ ಬೆರಳ ತುದಿ ಜುಮ್ಮೆಂದಿತು, ತಲೆ ಹಗುರಾಯ್ತು, ಎದೆ ಬಿಗಿಯಿತು. “ಇದೇನಾ ಅವತ್ತು ಆಗಿದ್ದು?” ಅಂದರು. ಅದೇ ಆಗಿತ್ತು. (ಇದನ್ನ ಮನೆಯಲ್ಲಿ ಒಬ್ಬರೇ ಮಾಡಿ ನೋಡಬೇಡಿ, ಡಾಕ್ಟರ್ ಪಕ್ಕದಲ್ಲಿದ್ದಾಗ ಮಾಡುವಂಥದ್ದು.)

ಅವರು ವಿವರಿಸಿದ್ದು ಹೀಗೆ. ಆರೋಗ್ಯವಂತರ ರಕ್ತದಲ್ಲಿ ಆಮ್ಲಜನಕ ಮೊದಲೇ ಹೆಚ್ಚುಕಮ್ಮಿ ಭರ್ತಿ ಇರುತ್ತೆ. ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ 97, 98 ತೋರಿಸುತ್ತಲ್ಲ, ಅದು. ಹೆದರಿಕೆಯಲ್ಲಿ ಜಾಸ್ತಿ ಉಸಿರಾಡಿದರೆ ಒಳಗೆ ಹೆಚ್ಚಿಗೆ ಸೇರೋದು ಏನೂ ಇಲ್ಲ, ಆದರೆ ಇಂಗಾಲದ ಡೈ ಆಕ್ಸೈಡ್ ಮಾತ್ರ ಬೇಕಾದ್ದಕ್ಕಿಂತ ಹೆಚ್ಚು ಹೊರಗೆ ಹೋಗುತ್ತೆ. ಅದು ಬರೀ ಕಸ ಅಂತ ಸ್ಕೂಲಲ್ಲಿ ಓದಿದ್ದೆವು. ನಿಜದಲ್ಲಿ ರಕ್ತದ ಆಮ್ಲೀಯತೆಯನ್ನ ಹದದಲ್ಲಿ ಇಡೋದರಲ್ಲಿ ಅದರ ಪಾಲು ದೊಡ್ಡದು. ಅದು ಇಳಿದರೆ ರಕ್ತ ಸ್ವಲ್ಪ ಕ್ಷಾರದ ಕಡೆ ವಾಲುತ್ತೆ. ಆಗ ರಕ್ತದಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂನ ಒಂದು ಪಾಲು ಪ್ರೋಟೀನಿಗೆ ಅಂಟಿಕೊಳ್ಳುತ್ತೆ. ಬಿಡಿ ಕ್ಯಾಲ್ಸಿಯಂ ಕಮ್ಮಿಯಾದರೆ ನರಗಳು ಸುಮ್ಮಸುಮ್ಮನೆ ಸಂಕೇತ ಕಳಿಸೋಕೆ ಶುರು ಮಾಡುತ್ತವೆ. ಅದೇ ಜುಮ್ಮೆನ್ನೋದು, ಅದೇ ಮಡಚಿಕೊಂಡ ಬೆರಳು. ಮಿದುಳಿನ ರಕ್ತನಾಳಗಳು ತಾತ್ಕಾಲಿಕವಾಗಿ ಕಿರಿದಾಗೋದರಿಂದ ತಲೆ ತಿರುಗುತ್ತೆ. ಎದೆಗೂಡಿನ ಸ್ನಾಯುಗಳು ಬಿಡುವಿಲ್ಲದೆ ದುಡಿದು ಬಿಗಿಯುತ್ತವೆ. ಈ ಬಿಗಿತ ನೋಡಿ ಇನ್ನೂ ಹೆದರುತ್ತೇವೆ, ಇನ್ನೂ ಜೋರಾಗಿ ಉಸಿರೆಳೆಯುತ್ತೇವೆ, ಚಕ್ರ ತಿರುಗುತ್ತೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿಗೆ ಹೋಗಿ, ಅರ್ಧ ಗಂಟೆಯಷ್ಟರಲ್ಲಿ ಇಳಿಯುತ್ತೆ.

ಇಷ್ಟು ಗೊತ್ತಾದರೆ ಸುತ್ತಲಿನವರು ಹೇಳುವ ‘ಜೋರಾಗಿ ಉಸಿರು ತಗೋ, ಜೋರಾಗಿ’ ಅನ್ನೋ ಸಲಹೆ ಎಷ್ಟು ಉಲ್ಟಾ ಅಂತ ಅರ್ಥವಾಗುತ್ತೆ. ಬೇಕಾಗಿರೋದು ದೊಡ್ಡ ಉಸಿರಲ್ಲ, ನಿಧಾನದ, ಸಣ್ಣ ಉಸಿರು. ಬೆನ್ನಿಗೆ ಆಸರೆ ಕೊಟ್ಟು ಕೂತು ಮೊದಲು ಉಸಿರನ್ನ ಹೊರಗೆ ಬಿಡಿ. ಆಮೇಲೆ ಮೂಗಿನಿಂದ ಮನಸ್ಸಲ್ಲೇ ನಾಲ್ಕು ಎಣಿಸುತ್ತಾ ಒಳಗೆ, ಬಿಸಿ ಟೀ ಆರಿಸುವಾಗಿನ ಹಾಗೆ ತುಟಿ ಕಿರಿದು ಮಾಡಿ ಆರು ಎಣಿಸುತ್ತಾ ಹೊರಗೆ. ನಿಮಿಷಕ್ಕೆ ಆರು ಉಸಿರಾಗುತ್ತೆ. ಹೊಟ್ಟೆ ಮೇಲೆ ಒಂದು ಕೈ ಇಟ್ಟರೆ ಕೈ ಮೆಲ್ಲಗೆ ಏಳಬೇಕು, ಭುಜ ಏಳಬಾರದು. ನಾಲ್ಕು-ಆರು ಆಗದಿದ್ದರೆ ಮೂರು-ನಾಲ್ಕರಿಂದ ಶುರು ಮಾಡಿ. ಹೊರಗೆ ಬಿಡೋದು ಒಳಗೆ ಎಳೆಯೋದಕ್ಕಿಂತ ಉದ್ದ ಇದ್ದರೆ ಸಾಕು.

ಇಲ್ಲಿ ಎರಡು ಕಡೆ ಎಡವುತ್ತೇವೆ. ನಿಧಾನವಾಗಿ ಎಳೆಯುತ್ತಾ ಎದೆ ತುಂಬಾ ತುಂಬಿಸಿಕೊಂಡರೆ ಜುಮ್ಮೆನ್ನೋದು ಕಮ್ಮಿಯಾಗಲ್ಲ. ಉಸಿರಿನ ಅಳತೆ ಸಣ್ಣದು ಮಾಡಬೇಕು. ಮೊದಲ ಒಂದು ನಿಮಿಷ ‘ಉಸಿರು ಸಾಲ್ತಿಲ್ಲ’ ಅನ್ನಿಸೇ ಅನ್ನಿಸುತ್ತೆ, ಆಗ ಬಿಟ್ಟುಬಿಡ್ತೇವೆ. ಕಳೆದುಹೋದ ಇಂಗಾಲದ ಡೈ ಆಕ್ಸೈಡ್ ವಾಪಸ್ ಕೂಡಿಕೊಳ್ಳೋಕೆ ಕೆಲವು ನಿಮಿಷ ಬೇಕು. ಐದು ನಿಮಿಷ ಕೊಡಿ. ಸಿನಿಮಾದಲ್ಲಿ ತೋರಿಸುವ ಹಾಗೆ ಪೇಪರ್ ಕವರ್ ಮೂಗಿಗೆ ಹಿಡಿಯಬೇಡಿ. ಒಂದು ವೇಳೆ ಅದು ಹೃದಯದ ಅಥವಾ ಆಸ್ತಮಾದ ತೊಂದರೆಯೇ ಆಗಿದ್ದರೆ, ಕವರ್ ಒಳಗೆ ಆಮ್ಲಜನಕ ಇಳಿದು ಜೀವಕ್ಕೇ ಅಪಾಯ.

ಗ್ರೌಂಡಿಂಗ್ ಅನ್ನೋದರ ಬಗ್ಗೆ ನನಗೆ ಮೊದಮೊದಲು ಅಷ್ಟೇನೂ ನಂಬಿಕೆ ಇರಲಿಲ್ಲ. ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿ ಅಂತ ರೀಲ್ಸ್‌ನಲ್ಲಿ ನೋಡಿದ್ದೆ. ಮನಸ್ಸಲ್ಲೇ ಮಾಡಿದರೆ ಕೆಲಸ ಮಾಡಲಿಲ್ಲ. ಬಾಯಿಬಿಟ್ಟು ಹೇಳಿದಾಗ ಮಾಡಿತು. ಬಸ್ಸಿನಲ್ಲಿ ನಾನು ಅಂಗಡಿ ಬೋರ್ಡುಗಳನ್ನ ಪಿಸುಗುಟ್ಟುತ್ತಾ ಓದ್ತೀನಿ, ಮುಂದಿನ ಸೀಟಿನ ಕಂಬಿ ಹಿಡಿದು ಅದರ ತಣ್ಣನೆಯನ್ನ ಗಮನಿಸ್ತೀನಿ. ಇದರಲ್ಲಿ ಮ್ಯಾಜಿಕ್ ಏನಿಲ್ಲ. ಎದೆಬಡಿತವನ್ನೇ ಕಾವಲು ಕಾಯ್ತಿರೋ ಗಮನವನ್ನ ಹೊರಗಡೆ ಎಳೆದು ತರೋದು, ಅಷ್ಟೇ. ಹಾಗಾಗಿ ಸ್ಮಾರ್ಟ್ ವಾಚಿನಲ್ಲಿ ನಿಮಿಷಕ್ಕೊಮ್ಮೆ ಹಾರ್ಟ್ ರೇಟ್ ನೋಡೋದು ಇದಕ್ಕೆ ಪೂರ್ತಿ ವಿರುದ್ಧದ ಕೆಲಸ. ಹೃದಯ ಸರಿಯಿದೆ ಅಂತ ಗೊತ್ತಾದ ಮೇಲೆ ಬಸ್ಸಿನಿಂದ ಇಳಿದು ಓಡಬೇಡಿ ಅಂತಲೂ ಡಾಕ್ಟರ್ ಹೇಳಿದ್ದರು. ಪ್ರತಿ ಸಲ ಇಳಿದರೆ ‘ಬಸ್ಸೇ ಅಪಾಯ, ಇಳಿದಿದ್ದಕ್ಕೇ ಬದುಕಿದೆ’ ಅಂತ ಮೈ ಕಲಿತುಬಿಡುತ್ತೆ.

‘ಹೃದಯ ಸರಿಯಿದೆ ಅಂತ ಗೊತ್ತಾದ ಮೇಲೆ’ ಅನ್ನೋ ಮಾತನ್ನ ಮಾತ್ರ ಹಾರಿಸಿಬಿಡಬೇಡಿ. ಮೊದಲ ಸಲ ಎದೆ ಬಿಗಿದಾಗ ಇದು ಪ್ಯಾನಿಕ್ ಅಂತ ನೀವು ತೀರ್ಮಾನಿಸೋ ಹಾಗಿಲ್ಲ, ನಿಮ್ಮ ಗೆಳತಿಯೂ ತೀರ್ಮಾನಿಸೋ ಹಾಗಿಲ್ಲ. ಅವತ್ತೇ ಇಸಿಜಿ ಆಗಬೇಕು. ವಯಸ್ಸು 25 ಅನ್ನೋದು ಅಪಾಯವನ್ನ ಕಮ್ಮಿ ಮಾಡುತ್ತೆ, ಇಲ್ಲವಾಗಿಸಲ್ಲ. ಪುನೀತ್ ರಾಜ್‌ಕುಮಾರ್ 2021ರಲ್ಲಿ ತೀರಿಕೊಂಡಾಗ ಅವರಿಗೆ 46. ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಡಿ ಈಗ ತಾಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆ ಪಡೆಯುವ ವ್ಯವಸ್ಥೆ ಇದೆ. ಹಾಗಾಗಿ ಊರಲ್ಲಿದ್ದವರು ಬೆಂಗಳೂರಿಗೇ ಓಡಿ ಬರಬೇಕಾಗಿಲ್ಲ.

ಉಸಿರಾಟದ ವ್ಯಾಯಾಮ ಎಲ್ಲ ಬದಿಗಿಟ್ಟು 108ಕ್ಕೆ ಫೋನ್ ಮಾಡಬೇಕಾದ ಸಂದರ್ಭಗಳಿವೆ. ಭಾರ ಹೇರಿದಂಥ ನೋವು ಎಡಗೈ, ದವಡೆ, ಕತ್ತು, ಬೆನ್ನಿಗೆ ಹರಡಿದರೆ; ತಣ್ಣನೆ ಬೆವರು, ವಾಂತಿ ಜೊತೆಗಿದ್ದರೆ; ಕಣ್ಣು ಕತ್ತಲಿಟ್ಟು ಬಿದ್ದರೆ; ಹದಿನೈದು ನಿಮಿಷ ಸುಮ್ಮನೆ ಕೂತರೂ ನೋವು ಇಳಿಯದಿದ್ದರೆ. ಮೆಟ್ಟಿಲು ಹತ್ತಿದಾಗ ಬಂದು ನಿಂತಾಗ ಹೋಗುವ ಎದೆನೋವು ಎಷ್ಟೇ ಸಣ್ಣದಿದ್ದರೂ ಡಾಕ್ಟರಿಗೆ ತೋರಿಸಲೇಬೇಕು. ಸಿಗರೇಟು, ಶುಗರ್, ಬಿಪಿ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ ಅಂಥವರು ಇನ್ನೂ ಬೇಗ ಹೋಗಬೇಕು. ಹೆಂಗಸರಲ್ಲಿ, ಶುಗರ್ ಇರುವವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು ಇರಬಹುದು. ಜುಮ್ಮೆನ್ನೋದು ಎರಡೂ ಕೈಗೆ, ತುಟಿಗೆ ಬಂದರೆ ಉಸಿರಾಟದ ಕಥೆ ಇರಬಹುದು. ಒಂದೇ ಕಡೆಯ ಕೈಕಾಲು ಮರಗಟ್ಟಿ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು, ತಡ ಮಾಡೋ ಹಾಗೇ ಇಲ್ಲ.

ಆಸ್ಪತ್ರೆಯಲ್ಲೂ ಒಂದು ವಿಷಯ ಗೊತ್ತಿರಲಿ. ಒಂದೇ ಒಂದು ನಾರ್ಮಲ್ ಇಸಿಜಿಯಿಂದ ಹೃದಯಾಘಾತ ಇಲ್ಲವೇ ಇಲ್ಲ ಅನ್ನೋಕಾಗಲ್ಲ. ಅನುಮಾನ ಇದ್ದರೆ ಟ್ರೋಪೋನಿನ್ ಅನ್ನೋ ರಕ್ತಪರೀಕ್ಷೆ ಮಾಡಿ, ಕೆಲವು ಗಂಟೆ ಬಿಟ್ಟು ಇಸಿಜಿಯನ್ನೂ ರಕ್ತಪರೀಕ್ಷೆಯನ್ನೂ ಮತ್ತೆ ಮಾಡ್ತಾರೆ. ನೋವು ಶುರುವಾಗಿ ಎಷ್ಟು ಹೊತ್ತಾಯ್ತು ಅಂತ ಸರಿಯಾಗಿ ಹೇಳಿ. ಇನ್ನೊಂದು, ಸ್ವಿಚ್ ಹಾಕಿದ ಹಾಗೆ ಒಂದೇ ಕ್ಷಣಕ್ಕೆ ಬಡಿತ ನಿಮಿಷಕ್ಕೆ 160, 180ಕ್ಕೆ ಏರಿ, ಹಾಗೇ ಒಂದೇ ಕ್ಷಣಕ್ಕೆ ನಿಲ್ಲುತ್ತಿದ್ದರೆ ಅದು ಹೃದಯದ ವಿದ್ಯುತ್ ಹಾದಿಯ ದೋಷ ಇರಬಹುದು. ಯುವಕರಲ್ಲಿ, ಅದರಲ್ಲೂ ಹುಡುಗಿಯರಲ್ಲಿ, ಇದಕ್ಕೆ ‘ಟೆನ್ಶನ್’ ಅಂತ ವರ್ಷಗಟ್ಟಲೆ ಹಣೆಪಟ್ಟಿ ಹಚ್ಚಿರೋದುಂಟು. ಬಡಿತ ನಿಂತ ಮೇಲೆ ತೆಗೆದ ಇಸಿಜಿಯಲ್ಲಿ ಅದು ಸಿಗದೇ ಹೋಗಬಹುದು, ನಡೀತಿರುವಾಗಲೇ ತೆಗೆಸಬೇಕು.

ನನಗೆ ಟ್ರೋಪೋನಿನ್ ಆ ರಾತ್ರಿ ಮಾಡಿರಲಿಲ್ಲ, ಕೇಳಬೇಕು ಅಂತ ನನಗೂ ಗೊತ್ತಿರಲಿಲ್ಲ. ಫಿಸಿಶಿಯನ್ ಆಮೇಲೆ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ನೋಡಿಸಿದರು. ಥೈರಾಯ್ಡ್ ಸರಿಯಿತ್ತು, ಹಿಮೋಗ್ಲೋಬಿನ್ 9.2 ಇತ್ತು. ರಕ್ತ ಕಮ್ಮಿ ಇದ್ದರೆ ಎದೆ ಸುಲಭವಾಗಿ ಡವಗುಟ್ಟುತ್ತೆ, ಅದರ ಮೇಲೆ ಖಾಲಿ ಹೊಟ್ಟೆ, ನಾಲ್ಕು ಕಾಫಿ. ಕಬ್ಬಿಣದ ಮಾತ್ರೆ ಶುರುವಾಯ್ತು, ಕಾಫಿ ಬೆಳಗಿನ ಒಂದಕ್ಕೆ ಇಳಿಯಿತು. ಮೂರನೇ ಸಲ ಸೆಪ್ಟೆಂಬರಿನಲ್ಲಿ ಬಂತು, ಮತ್ತೆ ಬಸ್ಸಿನಲ್ಲೇ. ಬೆರಳ ತುದಿ ಜುಮ್ಮೆಂದ ಕೂಡಲೇ ಉಸಿರು ಬಿಟ್ಟು ಎಣಿಸೋಕೆ ಶುರು ಮಾಡಿದೆ. ಹೆದರಿಕೆ ಇತ್ತು, ಆದರೆ ಬೆರಳು ಮಡಚಿಕೊಳ್ಳಲಿಲ್ಲ. ಎಂಟು ನಿಮಿಷಕ್ಕೆ ಇಳಿಯಿತು.

ಒಂದು ಸಲ ಬಂದುಹೋದರೆ ಅದು ಕಾಯಿಲೆ ಅಲ್ಲ. ಮತ್ತೆ ಮತ್ತೆ ಬಂದು, ‘ಇನ್ನೊಂದು ಯಾವಾಗ ಬರುತ್ತೋ’ ಅನ್ನೋ ಭಯ ತಿಂಗಳಾದರೂ ಬಿಡದೆ, ಬಸ್ಸು, ಮೀಟಿಂಗು, ಮೆರವಣಿಗೆ ಅಂತ ಒಂದೊಂದನ್ನೇ ತಪ್ಪಿಸಿಕೊಳ್ಳೋಕೆ ಶುರು ಮಾಡಿದರೆ ಮನೋವೈದ್ಯರನ್ನ ಕಾಣಿ. ಸಿಬಿಟಿ ಅನ್ನೋ ಮಾತಿನ ಚಿಕಿತ್ಸೆ ಇದೆ, ಬೇಕಾದರೆ ಮಾತ್ರೆಯೂ ಇದೆ, ಎರಡೂ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತವೆ. ಮೆಡಿಕಲ್ ಸ್ಟೋರಿನಲ್ಲಿ ಯಾರದ್ದೋ ಹಳೇ ಚೀಟಿ ತೋರಿಸಿ ಅಲ್ಪ್ರಜೋಲಾಮ್ ತಗೊಳ್ಳೋದು ಮಾತ್ರ ಬೇಡ. ಅರ್ಧ ಗಂಟೆಯಲ್ಲಿ ಹಾಯೆನಿಸುತ್ತೆ, ಕೆಲವು ವಾರಗಳಲ್ಲಿ ಅದಿಲ್ಲದೆ ಆಗಲ್ಲ ಅನ್ನೋ ಹಾಗೆ ಅಂಟಿಕೊಳ್ಳುತ್ತೆ. ಎಲ್ಲಿಂದ ಶುರು ಮಾಡೋದು ಗೊತ್ತಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲೂ ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ನನ್ನ ಇಸಿಜಿಯ ಫೋಟೋ ಈಗಲೂ ಫೋನಿನಲ್ಲಿದೆ. ಮುಂದೆ ಯಾವ ಡಾಕ್ಟರ್ ಹತ್ತಿರ ಹೋದರೂ ಹಳೆಯದರ ಪಕ್ಕ ಹೊಸದನ್ನ ಇಟ್ಟು ನೋಡೋಕೆ ಬೇಕಾಗುತ್ತೆ.