ಕರೆನ್ಸಿ ವಿನಿಮಯ: ಹೋಗಿಬರುವ ಖರ್ಚಿನ ಲೆಕ್ಕ

ಯುಎಇ ದಿರ್ಹಂ 1997ರಿಂದ ಡಾಲರಿಗೆ 3.6725ರಂತೆ ಸ್ಥಿರವಾಗಿದೆ. ಆದ್ದರಿಂದ ದಿರ್ಹಂನ ರೂಪಾಯಿ ಬೆಲೆಯು ಡಾಲರಿನ ಮೂಲಕ ಲೆಕ್ಕ ಹಾಕುವ ‘ಕ್ರಾಸ್ ರೇಟ್’ ಆಗಿದೆ. ಡಾಲರಿಗೆ 86 ರೂ. ಇದ್ದರೆ, ಅದನ್ನು 3.6725ರಿಂದ ಭಾಗಿಸಿದಾಗ ದಿರ್ಹಂಗೆ ಸುಮಾರು 23.42 ರೂ. ಬರುತ್ತದೆ.

ಆದರೆ ವಿನಿಮಯ ಕೇಂದ್ರದಲ್ಲಿ ಮಾರಾಟ ದರ 24 ರೂ., ಖರೀದಿ ದರ 22.80 ರೂ. ಇದೆಯೆನ್ನೋಣ. ಹೆಗಡೆಕಟ್ಟಾದಿಂದ ದುಬೈಗೆ ಹೊರಟವರು 48,000 ರೂ. ಕೊಟ್ಟು 2,000 ದಿರ್ಹಂ ಪಡೆಯುತ್ತಾರೆ. ಪ್ರಯಾಣ ರದ್ದಾಗಿ ಅದೇ ದರದಲ್ಲಿ ಮರಳಿಸಿದರೆ ಸಿಗುವುದು 45,600 ರೂ. ಮಾತ್ರ, ನಷ್ಟ 2,400 ರೂ., ಅಂದರೆ ಶೇ. 5.

ಖರೀದಿ ದರವನ್ನು ಮಾರಾಟ ದರದಿಂದ ಭಾಗಿಸಿ, ಒಂದರಿಂದ ಕಳೆದರೆ ಈ ಪ್ರಮಾಣ ತಿಳಿಯುತ್ತದೆ. ‘ಶುಲ್ಕವಿಲ್ಲ’ ಎಂಬ ಫಲಕವಿದ್ದರೂ ಈ ಅಂತರ ಇದ್ದೇ ಇರುತ್ತದೆ, ಜಿಎಸ್‌ಟಿ ಪ್ರತ್ಯೇಕ.