ಸಮೀಕ್ಷಾ ಕೋಷ್ಟಕಗಳ ಪರಿಶೀಲನೆ

ಸಮೀಕ್ಷಾ ಕೋಷ್ಟಕಗಳ ಪರಿಶೀಲನೆ ಎಂದರೆ ಸಮೀಕ್ಷಾ ವರದಿಯ ಕೋಷ್ಟಕದಲ್ಲಿರುವ ಶೇಕಡಾವಾರು ಪಾಲು, ತೂಕದ ಸರಾಸರಿ ಮತ್ತು ಮಾದರಿ ಗಾತ್ರ ಒಂದಕ್ಕೊಂದು ಹೊಂದುತ್ತವೆಯೇ ಎಂದು ಮರುಲೆಕ್ಕ ಹಾಕಿ ನೋಡುವ ಕ್ರಮ. ಇದಕ್ಕೆ ಮೂಲ ದತ್ತಾಂಶ ಬೇಕಿಲ್ಲ. ಮುದ್ರಿತ ಕೋಷ್ಟಕವೇ ಸಾಕು.

ಪಾಲುಗಳ ಮೊತ್ತ

ಪ್ರತಿಯೊಬ್ಬರೂ ಒಂದೇ ಉತ್ತರ ನೀಡುವ ಪ್ರಶ್ನೆಯಲ್ಲಿ ಎಲ್ಲ ಪಾಲುಗಳ ಮೊತ್ತ 100 ಆಗಬೇಕು. ಆದರೆ ಒಂದು ದಶಮಾಂಶ ಸ್ಥಾನಕ್ಕೆ ಅಂದಾಜಿಸಿದಾಗ ಪ್ರತಿ ಪಾಲಿನಲ್ಲಿ ಗರಿಷ್ಠ 0.05ರಷ್ಟು ವ್ಯತ್ಯಾಸ ಬರಬಹುದು. ಹೀಗಾಗಿ ಮೂರು ಸಮಪಾಲುಗಳು 33.3ರಂತೆ ಮುದ್ರಣಗೊಂಡರೆ ಮೊತ್ತ 99.9 ಆಗುತ್ತದೆ, ಇದು ದೋಷವಲ್ಲ. ಐದು ಪಾಲುಗಳಿದ್ದರೆ ಮೊತ್ತವು 99.8ರಿಂದ 100.2ರ ಒಳಗಿರಬೇಕು. ಅದು 97ಕ್ಕೆ ಇಳಿದಿದ್ದರೆ ‘ಗೊತ್ತಿಲ್ಲ’ ಎಂಬಂತಹ ಸಾಲು ಬಿಟ್ಟುಹೋಗಿರುವ ಅಥವಾ ಅಂಕಿ ತಪ್ಪಾಗಿ ಮುದ್ರಣಗೊಂಡಿರುವ ಸಾಧ್ಯತೆಯಿದೆ. ಒಬ್ಬರೇ ಹಲವು ಉತ್ತರ ನೀಡಬಹುದಾದ ಪ್ರಶ್ನೆಗೆ ಈ ನಿಯಮ ಅನ್ವಯಿಸುವುದಿಲ್ಲ; ಅಲ್ಲಿ ಮೊತ್ತ 100ನ್ನು ಮೀರಬಹುದು.

ತೂಕದ ಸರಾಸರಿ

ಮೊತ್ತ ಸರಿಯಿದ್ದರೂ ‘ಒಟ್ಟು’ ಸಾಲು ತಪ್ಪಾಗಿರಬಹುದು. ಸಮೀಕ್ಷೆಗಳಲ್ಲಿ ಸಣ್ಣ ಗುಂಪುಗಳಿಂದ ಅವುಗಳ ಪಾಲಿಗಿಂತ ಹೆಚ್ಚು ಜನರನ್ನು ಆಯ್ಕೆ ಮಾಡುವುದುಂಟು. ಆ ಅಸಮತೋಲನವನ್ನು ಸರಿಪಡಿಸಲು ಪ್ರತಿ ಉತ್ತರಕ್ಕೂ ತೂಕ ನೀಡಲಾಗುತ್ತದೆ. ಒಂದು ಕಾಲ್ಪನಿಕ ಉದಾಹರಣೆ:

| ಪ್ರದೇಶ | ನಲ್ಲಿ ನೀರಿರುವ ಮನೆಗಳು (ಶೇ.) | ತೂಕಸಹಿತ ಸಂಖ್ಯೆ | ತೂಕರಹಿತ ಸಂಖ್ಯೆ |
|---|---|---|---|
| ನಗರ | 70.0 | 320 | 450 |
| ಗ್ರಾಮ | 40.0 | 680 | 550 |

ಸರಿಯಾದ ಒಟ್ಟು ಪ್ರಮಾಣ:

(70 × 320 + 40 × 680) ÷ 1000 = 49.6

ವರದಿಯಲ್ಲಿ 53.5 ಎಂದಿದ್ದರೆ, ವಾಸ್ತವವಾಗಿ ಸಂದರ್ಶಿಸಿದ ಮನೆಗಳ ಸಂಖ್ಯೆಯನ್ನೇ ತೂಕವಾಗಿ ಬಳಸಲಾಗಿದೆ ಎಂದು ತಿಳಿಯುತ್ತದೆ. 55.0 ಎಂದಿದ್ದರೆ ಎರಡು ಶೇಕಡಾವಾರುಗಳ ಸರಳ ಸರಾಸರಿ ತೆಗೆಯಲಾಗಿದೆ. ಈ ಮೂರೂ ಅಂಕಿಗಳು 40 ಮತ್ತು 70ರ ನಡುವೆ ಇರುವುದರಿಂದ ಬರಿಗಣ್ಣಿಗೆ ತಪ್ಪು ಕಾಣುವುದಿಲ್ಲ, ಗುಣಿಸಿ ನೋಡಬೇಕು. ಅಂದಾಜಿಸುವಿಕೆಯಿಂದ ಸುಮಾರು 0.1ರಷ್ಟು ವ್ಯತ್ಯಾಸ ಬರುವುದು ಸಹಜ.

ಮಾದರಿ ಗಾತ್ರ

ಒಟ್ಟು ಪ್ರಮಾಣವನ್ನು ಪರಿಶೀಲಿಸಲು ತೂಕಸಹಿತ ಸಂಖ್ಯೆ ಬೇಕಾದರೆ, ಒಂದು ಅಂಕಿ ಎಷ್ಟು ವಿಶ್ವಾಸಾರ್ಹ ಎಂದು ಅಳೆಯಲು ತೂಕರಹಿತ ಸಂಖ್ಯೆ ಬೇಕು. ಭಾರತದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವರದಿಗಳಲ್ಲಿ, 25ರಿಂದ 49 ತೂಕರಹಿತ ಪ್ರಕರಣಗಳನ್ನು ಆಧರಿಸಿದ ಶೇಕಡಾವಾರನ್ನು ಆವರಣ ಚಿಹ್ನೆಯೊಳಗೆ ಮುದ್ರಿಸಲಾಗುತ್ತದೆ. 25ಕ್ಕಿಂತ ಕಡಿಮೆಯಿದ್ದರೆ ಅಂಕಿಯ ಬದಲು ನಕ್ಷತ್ರ ಚಿಹ್ನೆ ಇರುತ್ತದೆ. ಅಂತಹ ಗುಂಪಿನ ಅಂಕಿ ಮರೆಯಾಗಿದ್ದರೂ ‘ಒಟ್ಟು’ ಲೆಕ್ಕದಲ್ಲಿ ಸೇರಿರುತ್ತದೆ. ಆದ್ದರಿಂದ ಕಾಣುವ ಸಾಲುಗಳಿಂದಷ್ಟೇ ಮರುಲೆಕ್ಕ ಹಾಕಿದರೆ ಮುದ್ರಿತ ಒಟ್ಟಿಗೆ ಪೂರ್ಣವಾಗಿ ಹೊಂದದಿರಬಹುದು.

ಮಿತಿ

ಈ ಪರಿಶೀಲನೆ ಕೋಷ್ಟಕದೊಳಗಿನ ವಿರೋಧಾಭಾಸಗಳನ್ನು ಮಾತ್ರ ಹೊರಗೆಡಹುತ್ತದೆ. ಎರಡು ಪಾಲುಗಳು ಅದಲುಬದಲಾಗಿದ್ದರೆ ಮೊತ್ತ 100 ಆಗಿಯೇ ಉಳಿಯುತ್ತದೆ. ತೂಕಗಳನ್ನೇ ತಪ್ಪಾಗಿ ನಿಗದಿಪಡಿಸಿದ್ದರೂ ಲೆಕ್ಕ ಸರಿಹೊಂದುತ್ತದೆ.